ಚೆನ್ನಾಗಿ ತಿನ್ನುತ್ತಿದ್ದ ಮಗು ಈಗ ಎಲ್ಲದಕ್ಕೂ ಬೇಡ ಎನ್ನುವುದೇಕೆ? ಊಟದ ಹೊತ್ತಿನ ಜಗಳ ತಪ್ಪಿಸುವ ಬಗೆ

ಹತ್ತು ತಿಂಗಳಿದ್ದಾಗ ರಾಗಿ ಸರಿ, ಹೆಸರುಬೇಳೆ ಅನ್ನ, ಬೇಯಿಸಿದ ಸಿಹಿಗುಂಬಳ ಎಲ್ಲಕ್ಕೂ ಬಾಯಿ ತೆರೆಯುತ್ತಿದ್ದ ಮಗು ಒಂದೂವರೆ ವರ್ಷ ದಾಟುತ್ತಿದ್ದಂತೆ ತಟ್ಟೆ ತಳ್ಳಲು ಆರಂಭಿಸುತ್ತದೆ. ನಿನ್ನೆ ಇಷ್ಟವಾಗಿದ್ದ ಇಡ್ಲಿ ಇಂದು ಬೇಡ. ಅನ್ನದ ಮೇಲೆ ಕೊತ್ತಂಬರಿ ಸೊಪ್ಪಿನ ಒಂದು ಚೂರು ಕಂಡರೂ ಇಡೀ ಊಟ ಬೇಡ. ಮನೆಯವರು ಮೊಬೈಲ್ ತೋರಿಸುತ್ತಾರೆ, ಹಿಂದೆ ಮುಂದೆ ಓಡಾಡಿ ತುತ್ತು ಹಾಕುತ್ತಾರೆ, ಕೊನೆಗೆ ಏನೂ ತಿನ್ನಲಿಲ್ಲವಲ್ಲ ಎಂದು ಹಾಲಿನ ಬಾಟಲಿ ಕೊಟ್ಟು ಮಲಗಿಸುತ್ತಾರೆ. ಬಹುಪಾಲು ಮಕ್ಕಳಲ್ಲಿ ಇದು ಕಾಯಿಲೆಯಲ್ಲ, ಹಟವೂ ಅಲ್ಲ. ಆದರೆ ಈ ಹಂತವನ್ನು ನಾವು ನಿಭಾಯಿಸುವ ರೀತಿಯಿಂದ ಅದು ಬೇಗ ಕಳೆಯಬಹುದು, ಇಲ್ಲವೇ ವರ್ಷಗಟ್ಟಲೆ ಎಳೆಯಬಹುದು.

ಹಸಿವು ನಿಜವಾಗಿಯೂ ಕಡಿಮೆಯಾಗಿರುತ್ತದೆ

ಹುಟ್ಟುವಾಗ ಮೂರು ಕಿಲೋ ಇದ್ದ ಮಗು ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸುಮಾರು ಒಂಬತ್ತು ಕಿಲೋ ಆಗುತ್ತದೆ. ಅಂದರೆ ಒಂದು ವರ್ಷದಲ್ಲಿ ಆರು ಕಿಲೋ ಹೆಚ್ಚಳ, ಸರಾಸರಿ ತಿಂಗಳಿಗೆ ಅರ್ಧ ಕಿಲೋ. ಎರಡನೆಯ ವರ್ಷದಲ್ಲಿ ಅದೇ ಮಗು ಹೆಚ್ಚುವುದು ಎರಡರಿಂದ ಎರಡೂವರೆ ಕಿಲೋ ಮಾತ್ರ, ತಿಂಗಳಿಗೆ ಹೆಚ್ಚುಕಡಿಮೆ 200 ಗ್ರಾಂ. ಬೆಳವಣಿಗೆಯ ವೇಗ ಅರ್ಧಕ್ಕಿಂತ ಕೆಳಗಿಳಿದಾಗ ಹಸಿವೂ ಇಳಿಯುವುದು ಸಹಜ. ಮಗು ಮೊದಲಿನಷ್ಟೇ, ಅಥವಾ ಮೊದಲಿಗಿಂತ ಹೆಚ್ಚು ತಿನ್ನಬೇಕು ಎಂಬುದು ನಮ್ಮ ನಿರೀಕ್ಷೆ. ಅದರ ದೇಹದ ಲೆಕ್ಕ ಬೇರೆ.

ಈ ವಯಸ್ಸಿನ ಮಕ್ಕಳು ಪ್ರತಿ ಹೊತ್ತೂ ಒಂದೇ ಪ್ರಮಾಣದಲ್ಲಿ ತಿನ್ನುವುದಿಲ್ಲ ಎಂಬುದೂ ತಿಳಿದಿರಲಿ. ಅಮೆರಿಕದ ಸಂಶೋಧಕಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಎರಡರಿಂದ ಐದು ವರ್ಷದ ಮಕ್ಕಳ ಊಟವನ್ನು ಅಳೆದು 1991ರಲ್ಲಿ ವರದಿ ಪ್ರಕಟಿಸಿದರು. ಒಂದು ಊಟಕ್ಕೂ ಇನ್ನೊಂದಕ್ಕೂ ಭಾರಿ ವ್ಯತ್ಯಾಸವಿತ್ತು. ಆದರೆ ಇಡೀ ದಿನದ ಮೊತ್ತ ನೋಡಿದರೆ ವ್ಯತ್ಯಾಸ ಬಹಳ ಕಡಿಮೆ. ಬೆಳಿಗ್ಗೆ ಕಡಿಮೆ ತಿಂದ ಮಗು ಮುಂದಿನ ಹೊತ್ತಿನಲ್ಲಿ ತಾನಾಗಿ ಸರಿದೂಗಿಸಿಕೊಳ್ಳುತ್ತಿತ್ತು. ಆದ್ದರಿಂದ ಒಂದು ತಟ್ಟೆಯನ್ನು ನೋಡಿ ಮಗು ತಿಂದಿತೇ ಇಲ್ಲವೇ ಎಂದು ತೀರ್ಮಾನಿಸಬಾರದು. ಮೂರು ನಾಲ್ಕು ದಿನಗಳನ್ನು ಒಟ್ಟಿಗೆ ನೋಡಬೇಕು.

ಹೊಸದೆಂದರೆ ಅಳುಕು

ಎರಡನೆಯ ಕಾರಣ ಭಯಕ್ಕೆ ಸಂಬಂಧಿಸಿದ್ದು. ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಮಕ್ಕಳಲ್ಲಿ ಪರಿಚಯವಿಲ್ಲದ ಆಹಾರದ ಬಗ್ಗೆ ಅಳುಕು ಮೂಡುತ್ತದೆ. ಇದು ಎರಡರಿಂದ ಆರು ವರ್ಷದ ನಡುವೆ ಹೆಚ್ಚಾಗಿದ್ದು ಆಮೇಲೆ ನಿಧಾನಕ್ಕೆ ತಗ್ಗುತ್ತದೆ. ನಡೆಯಲು ಕಲಿತು ಅಮ್ಮನ ಕಣ್ಣಿಗೆ ಬೀಳದೆ ಓಡಾಡುವ ಮಗು ಕಂಡಕಂಡ ಎಲೆ, ಕಾಯಿ ಬಾಯಿಗೆ ಹಾಕಿಕೊಳ್ಳದಿರಲು ಈ ಅಳುಕು ರಕ್ಷಣೆಯಾಗಿ ಬಂದಿರಬಹುದು ಎಂದು ತಜ್ಞರು ವಿವರಿಸುತ್ತಾರೆ.

ಮಗು ಆಹಾರವನ್ನು ಮೊದಲು ಕಣ್ಣಿನಿಂದಲೇ ಪರೀಕ್ಷಿಸುತ್ತದೆ. ಹಾಗಾಗಿ ಹಸಿರು ಚೂರು, ತುಂಡಾದ ದೋಸೆ, ಅಂಚು ಕಪ್ಪಾದ ಚಪಾತಿ ಅದಕ್ಕೆ ಬೇರೆಯದೇ ಪದಾರ್ಥವಾಗಿ ಕಾಣುತ್ತದೆ. ಬಿಸ್ಕತ್ತು, ರಸ್ಕ್‌ಗಳನ್ನು ಮಾತ್ರ ಮಗು ಯಾವಾಗಲೂ ಒಪ್ಪುವುದಕ್ಕೆ ರುಚಿಯೊಂದೇ ಕಾರಣವಲ್ಲ. ಅವು ಎಂದೂ ಬದಲಾಗುವುದಿಲ್ಲ. ಪ್ರತಿ ಸಲವೂ ಅದೇ ಆಕಾರ, ಅದೇ ಬಣ್ಣ, ಅದೇ ಗರಿಗರಿ. ಮನೆಯ ಪಲ್ಯ ದಿನಕ್ಕೊಂದು ಬಗೆ.

ಇದರ ಜೊತೆಗೆ ಈ ಅವಧಿಯಲ್ಲೇ ದವಡೆ ಹಲ್ಲು ಮತ್ತು ಕೋರೆಹಲ್ಲು ಹೊರಡುತ್ತವೆ. ಒಸಡು ನೋಯುವ ದಿನಗಳಲ್ಲಿ ಮಗು ಜಗಿಯುವುದನ್ನೇ ಬಿಡಬಹುದು. ಆಗ ಮೊಸರನ್ನ, ತಣ್ಣಗಿನ ಗಂಜಿಯಂಥ ಮೆತ್ತನೆಯದನ್ನು ಕೊಟ್ಟರೆ ಸಾಕು.

ಏನೂ ತಿನ್ನದ ಮಗುವಿನ ಒಂದು ದಿನದ ಲೆಕ್ಕ

ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗುವಿಗೆ ಇಪ್ಪತ್ತು ತಿಂಗಳು, ತೂಕ ಹತ್ತು ಕಿಲೋ. ಬೆಳಿಗ್ಗೆ ಏಳಕ್ಕೆ 200 ಮಿಲಿ ಹಾಲು ಬಾಟಲಿಯಲ್ಲಿ. ಒಂಬತ್ತಕ್ಕೆ ಇಡ್ಲಿ, ಎರಡು ತುತ್ತು ತಿಂದು ಬೇಡ. ಹತ್ತೂವರೆಗೆ ಅಜ್ಜಿಯ ಕೈಯಿಂದ ಎರಡು ಬಿಸ್ಕತ್ತು, ಸಣ್ಣ ಬಾಳೆಹಣ್ಣು. ಹನ್ನೆರಡೂವರೆಗೆ ಬೇಳೆ ಅನ್ನ, ಮುಕ್ಕಾಲು ಗಂಟೆ ಹೋರಾಟ, ತಿಂದದ್ದು ಮೂರು ತುತ್ತು. ನಿದ್ದೆಯಿಂದ ಎದ್ದಾಗ 200 ಮಿಲಿ ಹಾಲು. ನಾಲ್ಕೂವರೆಗೆ ಮತ್ತೆ ನಾಲ್ಕು ಬಿಸ್ಕತ್ತು. ಸೂರ್ಯಾಸ್ತಕ್ಕೆ ಮುಂಚೆ, ಐದೂಮುಕ್ಕಾಲಿಗೆ ಮನೆಯವರೆಲ್ಲರ ಜೊತೆ ಊಟಕ್ಕೆ ಕೂರಿಸಿದರೆ ಬಾಯಿಯನ್ನೇ ತೆರೆಯುವುದಿಲ್ಲ. ಎಂಟಕ್ಕೆ ಅಳುತ್ತದೆ, 250 ಮಿಲಿ ಹಾಲು ಕುಡಿದು ಮಲಗುತ್ತದೆ.

ಮನೆಯವರ ಮಾತು: ಇಡೀ ದಿನ ಏನೂ ತಿಂದಿಲ್ಲ. ಈಗ ಲೆಕ್ಕ ಹಾಕೋಣ. 650 ಮಿಲಿ ಹಾಲಿನಿಂದ ಸುಮಾರು 400 ಕ್ಯಾಲೊರಿ. ಮೂರು ಬಾಟಲಿಗೂ ಹಾಕಿದ ಸಕ್ಕರೆಯಿಂದ 50. ಆರು ಬಿಸ್ಕತ್ತಿನಿಂದ 130ರ ಹತ್ತಿರ. ಬಾಳೆಹಣ್ಣಿನಿಂದ 70. ಒಟ್ಟು 650 ಕ್ಯಾಲೊರಿ. ಹತ್ತು ಕಿಲೋ ತೂಕದ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು 850. ಅಂದರೆ ಊಟದ ತಟ್ಟೆ ಮುಟ್ಟುವ ಮೊದಲೇ ಮುಕ್ಕಾಲು ಪಾಲು ಹೊಟ್ಟೆ ತುಂಬಿದೆ. ಮಗು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ನಿಜಕ್ಕೂ ಹಸಿವಿಲ್ಲ.

ತೊಂದರೆ ಇರುವುದು ಕ್ಯಾಲೊರಿಯಲ್ಲಿ ಅಲ್ಲ, ಕಬ್ಬಿಣಾಂಶದಲ್ಲಿ. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚು ಹಾಲು ಕುಡಿಯುವ ಮಗುವಿನಲ್ಲಿ ನಿಧಾನಕ್ಕೆ ರಕ್ತಹೀನತೆ ಬರುತ್ತದೆ. ರಕ್ತಹೀನತೆಯಿಂದ ಹಸಿವು ಇನ್ನಷ್ಟು ಕುಗ್ಗುತ್ತದೆ, ಮನೆಯವರು ಇನ್ನಷ್ಟು ಹಾಲು ಕೊಡುತ್ತಾರೆ. ಹಾಲು ಬಿಸ್ಕತ್ತಿನಲ್ಲಿ ನಾರಿನಂಶವೂ ಇಲ್ಲದ್ದರಿಂದ ಮಲಬದ್ಧತೆ ಬೇರೆ. ಹೊಟ್ಟೆ ಕಟ್ಟಿಕೊಂಡ ಮಗುವಿಗೆ ಊಟ ಸೇರುವುದಿಲ್ಲ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಒಟ್ಟು 400ರಿಂದ 500 ಮಿಲಿ ಹಾಲು ಸಾಕು.

ಮೊದಲು ಸರಿಪಡಿಸಬೇಕಾದದ್ದು ಹೊತ್ತು

ಮೇಲಿನ ಮನೆಯಲ್ಲಿ ಅಡುಗೆ ಬದಲಿಸುವ ಮುಂಚೆ ಗಡಿಯಾರ ಬದಲಿಸಬೇಕು. ಎರಡು ಆಹಾರಗಳ ನಡುವೆ ಎರಡರಿಂದ ಮೂರು ಗಂಟೆ ಅಂತರವಿರಲಿ, ಆ ನಡುವೆ ನೀರು ಮಾತ್ರ. ಒಂದು ಮಾದರಿ ಹೀಗಿರಬಹುದು:

- ಬೆಳಿಗ್ಗೆ 8: ತಿಂಡಿ. ತಿಂಡಿ ಆದ ಮೇಲೆ ಲೋಟದಲ್ಲಿ 120 ಮಿಲಿ ಹಾಲು
- 10.15: ಹಣ್ಣು
- 12.30: ಅನ್ನ, ಬೇಳೆ, ಪಲ್ಯ, ತುಪ್ಪ
- 1ರಿಂದ 3: ನಿದ್ದೆ
- 3.15: 150 ಮಿಲಿ ಹಾಲು, ಜೊತೆಗೆ ಸ್ವಲ್ಪ ಹುರಿಗಡಲೆ ಹಿಟ್ಟಿನ ಉಂಡೆ ಅಥವಾ ಅವಲಕ್ಕಿ
- 5.45: ಮನೆಯವರ ಜೊತೆ ಸಂಜೆ ಊಟ
- ರಾತ್ರಿ ಹಾಲು ಕೊಡುವ ರೂಢಿ ಇದ್ದರೆ, ಮಲಗುವ ಮುಂಚೆ 120 ಮಿಲಿ

ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಲ್ಲಿ ಇಡೀ ದಿನದ ಆಯಕಟ್ಟಿನ ಜಾಗ ಮಧ್ಯಾಹ್ನದ ತಿಂಡಿ. ನಮ್ಮ ರಾಜ್ಯದಲ್ಲಿ ನವೆಂಬರ್, ಡಿಸೆಂಬರ್‌ನಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಜೂನ್, ಜುಲೈನಲ್ಲಿ ಏಳರ ಹತ್ತಿರ. ನಾಲ್ಕೂವರೆಗೆ ಬಿಸ್ಕತ್ತು ತಿಂದ ಮಗು ಚಳಿಗಾಲದಲ್ಲಿ ಐದೂಮುಕ್ಕಾಲಿಗೆ ಉಣ್ಣುವುದು ಸಾಧ್ಯವಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಮಧ್ಯಾಹ್ನದ ತಿಂಡಿ ಮೂರೂವರೆಯೊಳಗೆ ಮುಗಿಯಬೇಕು. ಮಗು ನಾಲ್ಕರವರೆಗೆ ಮಲಗುವ ಅಭ್ಯಾಸದ್ದಾದರೆ ತಿಂಡಿಯನ್ನೇ ಬಿಟ್ಟು, ಸಂಜೆ ಊಟವನ್ನು ಐದೂಕಾಲಿಗೆ ತರುವುದು ಮೇಲು. ಮಗು ಹಸಿದು ಕೂತರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಚಿಕ್ಕ ಮಕ್ಕಳಿಗೆ ರಾತ್ರಿ ಹಾಲು ಕೊಡುವ ರೂಢಿ ಅನೇಕ ಮನೆಗಳಲ್ಲಿದೆ. ಅದನ್ನು ಕೊಡುವುದಾದರೆ ಪ್ರತಿದಿನ ಒಂದೇ ಅಳತೆಯಲ್ಲಿ ಕೊಡಿ. ಊಟ ಮಾಡಿದ ದಿನ 120 ಮಿಲಿ, ಮಾಡದ ದಿನ 250 ಮಿಲಿ ಎಂದಾದರೆ, ಊಟ ಬಿಟ್ಟರೆ ದೊಡ್ಡ ಬಾಟಲಿ ಸಿಗುತ್ತದೆ ಎಂದು ಮಗು ಒಂದೇ ವಾರದಲ್ಲಿ ಕಲಿಯುತ್ತದೆ.

ಬಾಟಲಿಯನ್ನು ಒಂದೇ ದಿನಕ್ಕೆ ಕಿತ್ತುಕೊಳ್ಳಬೇಡಿ. ಎರಡು ದಿನಕ್ಕೊಮ್ಮೆ ಪ್ರತಿ ಬಾಟಲಿಯಲ್ಲಿ 30 ಮಿಲಿ ಕಡಿಮೆ ಮಾಡುತ್ತಾ ಬನ್ನಿ, ಸಕ್ಕರೆಯನ್ನೂ ಹಾಗೆಯೇ ಇಳಿಸಿ. ಹಗಲಿನ ಹಾಲನ್ನು ಲೋಟಕ್ಕೆ ಬದಲಿಸಿ. ಮೊದಲ ಮೂರು ನಾಲ್ಕು ದಿನ ಅಳು ಹೆಚ್ಚಾಗುತ್ತದೆ, ಊಟ ಮಾತ್ರ ಹಾಗೆಯೇ ಇರುತ್ತದೆ. ಹೆಚ್ಚಿನ ಮನೆಗಳು ಸೋತು ಹಳೆಯ ದಾರಿಗೆ ಮರಳುವುದು ಇಲ್ಲಿಯೇ. ಬದಲಾವಣೆ ಫಲಿಸುತ್ತಿದೆಯೇ ಎಂದು ನೋಡಲು ಎರಡು ವಾರ ಕೊಡಿ.

ತಟ್ಟೆಯ ಮುಂದೆ ಯಾರ ಕೆಲಸ ಯಾವುದು

ಮಕ್ಕಳ ಊಟದ ಬಗ್ಗೆ ಬಹುಕಾಲ ಕೆಲಸ ಮಾಡಿದ ಆಹಾರತಜ್ಞೆ ಎಲಿನ್ ಸ್ಯಾಟರ್ ಒಂದು ಸರಳ ನಿಯಮ ಕೊಟ್ಟಿದ್ದಾರೆ. ಏನು ಬಡಿಸಬೇಕು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ತೀರ್ಮಾನ. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ತೀರ್ಮಾನ. ಜಗಳ ಹುಟ್ಟುವುದು ಈ ಗೆರೆ ದಾಟಿದಾಗ. ಮಗು ಬೇಡವೆಂದ ಕೂಡಲೇ ಬೇರೆ ಅಡುಗೆ ಮಾಡಿಕೊಟ್ಟರೆ ನಮ್ಮ ಕೆಲಸವನ್ನು ಮಗುವಿಗೆ ಒಪ್ಪಿಸಿದಂತೆ. ಇನ್ನೊಂದೇ ತುತ್ತು ಎಂದು ಬಾಯಿಗೆ ತುರುಕಿದರೆ ಮಗುವಿನ ಕೆಲಸವನ್ನು ನಾವು ಕಸಿದುಕೊಂಡಂತೆ.

ಒತ್ತಾಯದಿಂದ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟು, ಒಂದನ್ನು ಮಾತ್ರ ಮುಗಿಸು ಮುಗಿಸು ಎಂದು ಹೇಳಲಾಯಿತು. ಹಾಗೆ ಹೇಳದಿದ್ದ ಸೂಪನ್ನೇ ಮಕ್ಕಳು ಹೆಚ್ಚು ಕುಡಿದರು. ಒತ್ತಾಯ ಮಾಡಿದ ಸೂಪಿನ ಬಗ್ಗೆ ದೂರೂ ಹೆಚ್ಚಿತ್ತು. ಪಲ್ಯ ತಿಂದರೆ ಚಾಕೊಲೇಟ್ ಎಂಬ ಆಸೆ ತೋರಿಸುವುದೂ ಇದೇ ಬಗೆಯ ಒತ್ತಾಯ. ಪಲ್ಯ ಎಂದರೆ ಶಿಕ್ಷೆ, ಚಾಕೊಲೇಟ್ ಎಂದರೆ ಬಹುಮಾನ ಎಂಬ ಪಾಠವಷ್ಟೇ ಉಳಿಯುತ್ತದೆ. ಮೊಬೈಲ್ ನೋಡುತ್ತಾ ತಿನ್ನುವ ಮಗುವಿನ ಹೊಟ್ಟೆಗೆ ಅನ್ನ ಹೋಗುತ್ತದೆ ನಿಜ. ಆದರೆ ಅದಕ್ಕೆ ಹಸಿವು ಯಾವುದು, ಸಾಕು ಯಾವುದು ಎಂಬ ಅರಿವಾಗುವುದಿಲ್ಲ, ಬಾಯಿಗೆ ಬಿದ್ದ ತರಕಾರಿಯ ಪರಿಚಯವೂ ಆಗುವುದಿಲ್ಲ.

ತಟ್ಟೆಯಲ್ಲಿ ಅನ್ನ ಬಿಡಬಾರದು ಎಂಬ ಶಿಸ್ತು ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಆ ಶಿಸ್ತನ್ನೂ ಮಗುವಿನ ಸ್ವಾತಂತ್ರ್ಯವನ್ನೂ ಒಟ್ಟಿಗೆ ಉಳಿಸುವ ದಾರಿ ಬಡಿಸುವ ಅಳತೆಯಲ್ಲಿದೆ. ಈ ವಯಸ್ಸಿಗೆ ಪ್ರತಿ ಪದಾರ್ಥವೂ ಒಂದರಿಂದ ಎರಡು ದೊಡ್ಡ ಚಮಚ, ಹೊಸ ಪದಾರ್ಥವಾದರೆ ಒಂದು ಟೀ ಚಮಚ. ಚಿಕ್ಕ ತಟ್ಟೆಯಲ್ಲಿ ಇಷ್ಟೇ ಬಡಿಸಿ, ಬೇಕೆಂದರೆ ಮತ್ತೆ ಹಾಕಿ. ಮಗು ಖಾಲಿ ತಟ್ಟೆಯಿಂದ ಏಳುತ್ತದೆ, ನಮಗೂ ಬೇಸರವಿಲ್ಲ.

ಊಟ 20ರಿಂದ 30 ನಿಮಿಷ ಮೀರದಿರಲಿ. ಮಗು ಒಂದೇ ಜಾಗದಲ್ಲಿ, ಮನೆಯವರ ಜೊತೆ ಕೂರಲಿ, ಕೈಯಾರೆ ತಿನ್ನಲಿ, ಚೆಲ್ಲಲಿ. ಬೇಡವೆಂದಾಗ ಒಂದೇ ಮಾತು: "ಸಾಕಾ? ಸರಿ ಪುಟ್ಟಾ, ಕೈ ತೊಳೆಯೋಣ." ಅರ್ಧ ಗಂಟೆಗೆ ಮತ್ತೆ ಕೇಳಿದರೆ: "ನಿದ್ದೆ ಮಾಡಿ ಎದ್ದ ಮೇಲೆ ತಿಂಡಿ ಇದೆ." ಬೈಗುಳ ಬೇಡ, ತಿಂದಾಗ ಚಪ್ಪಾಳೆಯೂ ಬೇಡ.

ಮನೆಯಲ್ಲಿ ಎಲ್ಲರೂ ಒಂದೇ ದಾರಿ ಹಿಡಿಯದಿದ್ದರೆ ಇದು ನಡೆಯುವುದಿಲ್ಲ. ಅಜ್ಜಿಗೆ ಬಿಸ್ಕತ್ತು ಕೊಡಬೇಡಿ ಎಂದರೆ ನೋವಾಗುತ್ತದೆ. ಅದರ ಬದಲು ಒಂದು ಹೊತ್ತನ್ನೇ ಅವರಿಗೆ ವಹಿಸಬಹುದು: "ಅತ್ತೆ, ಮೂರೂಕಾಲರ ತಿಂಡಿ ದಿನಾ ನಿಮ್ಮ ಕೈಯಿಂದಲೇ ಆಗಲಿ. ಅದು ಬಿಟ್ಟು ನಡುವೆ ಕೇಳಿದರೆ ನೀರು ಕೊಡೋಣ." ಕೊಡುವ ಸಂತೋಷವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ.

ಬೇಡವಾದ ತರಕಾರಿ ಮತ್ತೆ ತಟ್ಟೆಗೆ

ಎರಡು ಮೂರು ಸಲ ಬೇಡ ಎಂದರೆ ಮಗುವಿಗೆ ಅದು ಸೇರುವುದಿಲ್ಲ ಎಂದು ನಾವು ಕೈಬಿಡುತ್ತೇವೆ. ಆದರೆ ಒಂದು ಹೊಸ ರುಚಿಯನ್ನು ಮಕ್ಕಳು ಒಪ್ಪಲು ಸಾಮಾನ್ಯವಾಗಿ ಎಂಟರಿಂದ ಹದಿನೈದು ಸಲ ಅದನ್ನು ಎದುರಿಸಬೇಕಾಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು.

ಹೀರೆಕಾಯಿಯನ್ನೇ ತೆಗೆದುಕೊಳ್ಳಿ. ವಾರಕ್ಕೆ ಎರಡು ಮೂರು ಸಲ, ಮಗುವಿಗೆ ಇಷ್ಟವಾದ ಮೊಸರನ್ನ ಅಥವಾ ಚಪಾತಿಯ ಪಕ್ಕದಲ್ಲಿ, ಒಂದು ಟೀ ಚಮಚ ಹೀರೆಕಾಯಿ ಪಲ್ಯವನ್ನು ಬೇರೆಯಾಗಿ ಇಡಿ, ಕಲಸಬೇಡಿ. ಮೊದಲ ವಾರ ಮಗು ಅದನ್ನು ತಟ್ಟೆಯಾಚೆ ಎಸೆಯಬಹುದು. ಆಮೇಲೆ ಎಸೆಯದೆ ಹಾಗೇ ಬಿಡುತ್ತದೆ. ಮುಂದೆ ಬೆರಳಲ್ಲಿ ಒತ್ತಿ ನೋಡುತ್ತದೆ, ಮೂಸುತ್ತದೆ, ನಾಲಿಗೆ ತಾಗಿಸುತ್ತದೆ, ಬಾಯಿಗೆ ಹಾಕಿ ಉಗಿಯುತ್ತದೆ. ಉಗಿದದ್ದು ಸೋಲಲ್ಲ, ನುಂಗುವುದಕ್ಕೆ ಹಿಂದಿನ ಮೆಟ್ಟಿಲು. ಈ ಒಂದೊಂದನ್ನೂ ಒಂದು ಸಲ ಎಂದು ಎಣಿಸಿ. ಎರಡು ತಿಂಗಳಲ್ಲಿ ಹದಿನೈದು ಸಲ ದಾಟುತ್ತದೆ.

ಪ್ರತಿ ಊಟದಲ್ಲೂ ಮಗು ಖಂಡಿತ ತಿನ್ನುವ ಒಂದು ಪದಾರ್ಥವಿರಲಿ. ಆಗ ಬೇರೆ ಅಡುಗೆ ಮಾಡಬೇಕಾಗಿಲ್ಲ, ಮಗು ಉಪವಾಸ ಏಳುವುದೂ ಇಲ್ಲ. ತರಕಾರಿಯನ್ನು ಹಿಟ್ಟಿನಲ್ಲಿ ಅರೆದು ಅಡಗಿಸಿದರೆ ಅಂದಿನ ಪೋಷಣೆ ಸಿಗುತ್ತದೆ, ಪರಿಚಯ ಮಾತ್ರ ಆಗುವುದಿಲ್ಲ.

ಮಕ್ಕಳ ಆಹಾರದ ಪಟ್ಟಿಗಳಲ್ಲಿ ಮೊದಲು ಕಾಣುವ ಆಲೂಗಡ್ಡೆ, ಕ್ಯಾರೆಟ್ ಅನೇಕ ಜೈನ ಮನೆಗಳಲ್ಲಿ ಇರುವುದಿಲ್ಲ. ಅದರಿಂದ ಕೊರತೆಯೇನೂ ಆಗುವುದಿಲ್ಲ. ಸಿಹಿಗುಂಬಳದಲ್ಲಿ ಕ್ಯಾರೆಟ್‌ನಂತೆಯೇ ಎ ಜೀವಸತ್ವದ ಮೂಲವಿದೆ, ಬೇಯಿಸಿದ ಬಾಳೆಕಾಯಿ ಆಲೂಗಡ್ಡೆಯಂತೆ ಹೊಟ್ಟೆ ತುಂಬಿಸುತ್ತದೆ. ಕಬ್ಬಿಣಾಂಶಕ್ಕೆ ಹೆಸರುಕಾಳು, ಕಡಲೆ, ಹುರಿಗಡಲೆ, ರಾಗಿ. ಇವುಗಳ ಕಬ್ಬಿಣಾಂಶ ದೇಹಕ್ಕೆ ಸೇರಲು ಹುಳಿ ಬೇಕು, ಆದ್ದರಿಂದ ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಊಟದ ಜೊತೆ ಚಹಾ ಕೊಡಬೇಡಿ, ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ಇಡೀ ಕಡಲೆಬೀಜ, ಇಡೀ ಕಡಲೆ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಐದು ವರ್ಷದವರೆಗೆ ಕಾಳುಗಳನ್ನು ಪುಡಿ ಮಾಡಿ ಅಥವಾ ಮೆತ್ತಗೆ ಬೇಯಿಸಿ ಹಿಸುಕಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ.

ಯಾವಾಗ ವೈದ್ಯರ ಬಳಿ ಹೋಗಬೇಕು

ಮಗು ಆಡಿಕೊಂಡಿದೆ, ದಿನಕ್ಕೆ ಐದಾರು ಸಲ ಮೂತ್ರ ಮಾಡುತ್ತಿದೆ, ತೂಕ ನಿಧಾನವಾಗಿಯಾದರೂ ಏರುತ್ತಿದೆ ಎಂದಾದರೆ ಕಾಯಬಹುದು. ಅಂಗನವಾಡಿಯಲ್ಲಿ ಅಥವಾ ಲಸಿಕೆಗೆ ಹೋದಾಗ ತೂಕ ಅಳೆಸಿ ತಾಯಿ ಕಾರ್ಡಿನ ಬೆಳವಣಿಗೆಯ ರೇಖೆಯಲ್ಲಿ ಗುರುತು ಹಾಕಿಸಿ. ಪಕ್ಕದ ಮನೆಯ ಮಗುವಿಗಿಂತ ಕಡಿಮೆ ಎಂಬುದು ಮುಖ್ಯವಲ್ಲ. ತನ್ನದೇ ರೇಖೆಯ ಜೊತೆ ಸಾಗುತ್ತಿದೆಯೇ ಎಂಬುದು ಮುಖ್ಯ.

ಮಗು ಹಿಂದಿನ ತೂಕಕ್ಕಿಂತ ಇಳಿದಿದ್ದರೆ ಅಥವಾ ಮೂರು ತಿಂಗಳಿಂದ ಏರದಿದ್ದರೆ ವೈದ್ಯರಿಗೆ ತೋರಿಸಿ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳುಚಿದ್ದರೆ, ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ಕಬ್ಬಿಣಾಂಶದ ಕೊರತೆಯ ಸಂಶಯವಿದೆ, ರಕ್ತ ಪರೀಕ್ಷೆ ಬೇಕು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದು ಮಿಲಿ ಕಬ್ಬಿಣಾಂಶದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಪೂರ್ಣ ಸಸ್ಯಾಹಾರಿ ಮನೆಗಳಲ್ಲಿ ಬಿ12 ಜೀವಸತ್ವವನ್ನೂ ಮರೆಯಬಾರದು. ನಮ್ಮ ಆಹಾರದಲ್ಲಿ ಅದು ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ತಾಯಿಯಲ್ಲೇ ಕೊರತೆಯಿದ್ದು, ಮಗು ಹೆಚ್ಚಾಗಿ ಎದೆಹಾಲಿನ ಮೇಲೆಯೇ ಇದ್ದರೆ ಮಗುವಿಗೂ ಕೊರತೆಯಾಗುತ್ತದೆ. ಊಟ ಬೇಡವೆನ್ನುವುದರ ಜೊತೆ ಮಗು ಮಂಕಾಗಿದ್ದರೆ, ಬೆರಳ ಗಿಣ್ಣುಗಳು ಕಪ್ಪಾಗಿದ್ದರೆ, ಕಲಿತಿದ್ದ ನಡೆ ನುಡಿ ಹಿಂದೆ ಬೀಳುತ್ತಿದ್ದರೆ ತಡಮಾಡದೆ ತೋರಿಸಿ. ಬಿ12 ಕೊರತೆ ಚಿಕಿತ್ಸೆಗೆ ಬಗ್ಗುತ್ತದೆ, ತಡವಾದಷ್ಟೂ ಮಿದುಳಿಗೆ ಹಾನಿ.

ಪ್ರತಿ ಊಟದಲ್ಲೂ ಕೆಮ್ಮು, ಉಸಿರುಗಟ್ಟುವುದು, ಗಟ್ಟಿ ಪದಾರ್ಥ ಯಾವುದನ್ನೂ ನುಂಗಲಾಗದಿರುವುದು, ಒಪ್ಪುವ ಪದಾರ್ಥಗಳ ಸಂಖ್ಯೆ ಇಪ್ಪತ್ತಕ್ಕಿಂತ ಕಡಿಮೆಯಾಗಿ ತಿಂಗಳಿಂದ ತಿಂಗಳಿಗೆ ಇನ್ನೂ ಕುಗ್ಗುತ್ತಿರುವುದು, ಜೊತೆಗೆ ಹೆಸರು ಕರೆದರೆ ತಿರುಗದಿರುವುದು, ಇವು ಸಹಜ ಹಂತದ ಲಕ್ಷಣಗಳಲ್ಲ. ಜ್ವರ ಅಥವಾ ಬಾಯಿ ಹುಣ್ಣಿನ ಜೊತೆ ನೀರನ್ನೂ ಬಿಟ್ಟು, ಎಂಟು ಗಂಟೆ ಮೂತ್ರ ಮಾಡದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಂಗಡಿಯಿಂದ ಹಸಿವಿನ ಟಾನಿಕ್ ತಂದು ಕೊಡಬೇಡಿ. ಅವುಗಳಲ್ಲಿ ಕೆಲವು ಮಗುವನ್ನು ಮಂಪರಿಗೆ ದೂಡುತ್ತವೆ. ವೈದ್ಯರ ಬಳಿ ಹೋಗುವ ಮೊದಲು ಮೂರು ದಿನ ಮಗು ತಿಂದದ್ದು, ಕುಡಿದದ್ದು ಎಲ್ಲವನ್ನೂ ಹೊತ್ತು ಮತ್ತು ಅಳತೆಯೊಂದಿಗೆ ಬರೆದಿಟ್ಟುಕೊಳ್ಳಿ. ನಡುವಿನ ಬಿಸ್ಕತ್ತನ್ನೂ ರಾತ್ರಿಯ ಬಾಟಲಿಯನ್ನೂ ಬಿಡದೆ ಬರೆದರೆ, ಅನೇಕ ಸಲ ಕಾರಣ ಆ ಹಾಳೆಯಲ್ಲೇ ಕಾಣಿಸುತ್ತದೆ.